ಮಾತ್ರೆಗೆ ಎರಡು ಹೆಸರು: ಎರಡನ್ನೂ ಓದಿ

ಕ್ರೋಸಿನ್, ಕ್ಯಾಲ್ಪಾಲ್, ಡೋಲೊ. ಜ್ವರ ಬಂದಾಗ ಹೆಚ್ಚಿನ ಮನೆಗಳಲ್ಲಿ ಕೇಳಿಬರುವ ಹೆಸರುಗಳಿವು. ತಯಾರಿಸುವ ಕಂಪನಿಗಳು ಬೇರೆ ಬೇರೆಯಾದರೂ ಇವುಗಳಲ್ಲಿ ಜ್ವರ ಇಳಿಸುವ ಔಷಧ ಒಂದೇ, ಪ್ಯಾರಾಸಿಟಮಾಲ್. ಕಂಪನಿ ತನ್ನ ಮಾತ್ರೆಗೆ ಇಟ್ಟುಕೊಂಡ ಹೆಸರು ಬ್ರಾಂಡ್ ಹೆಸರು. ಒಳಗಿರುವ ಔಷಧದ ಹೆಸರು ಮೂಲ ಹೆಸರು, ಅಂದರೆ ಜನರಿಕ್ ಹೆಸರು. ಔಷಧದ ಅಂಗಡಿಯವರು ಇದನ್ನೇ 'ಸಾಲ್ಟ್' ಎನ್ನುತ್ತಾರೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಲವಣವೇನೂ ಅಲ್ಲ. ಇದು ವ್ಯಾಪಾರದ ರೂಢಿಯ ಮಾತು, ಅಷ್ಟೆ.

ಸ್ಟ್ರಿಪ್ಪಿನ ಹಿಂಬದಿಯನ್ನು ನೋಡಿ. ಇಂಗ್ಲಿಷಿನಲ್ಲಿ 'ಈಚ್ ಟ್ಯಾಬ್ಲೆಟ್ ಕಂಟೇನ್ಸ್' ಎಂಬ ಅರ್ಥದ ಸಾಲೊಂದು ಇರುತ್ತದೆ. ಅದರ ಕೆಳಗೆ ಬರುವುದೇ ಮೂಲ ಹೆಸರು. ಪಕ್ಕದಲ್ಲಿ 'ಐ.ಪಿ.' ಎಂದಿದ್ದರೆ ಅದು ಭಾರತದ ಔಷಧ ಗುಣಮಟ್ಟದ ಗ್ರಂಥವಾದ ಇಂಡಿಯನ್ ಫಾರ್ಮಕೋಪಿಯಾದ ಗುರುತು. ನಂತರ ಪ್ರಮಾಣ: 500 ಮಿ.ಗ್ರಾಂ, 650 ಮಿ.ಗ್ರಾಂ ಹೀಗೆ. ಒಂದಕ್ಕಿಂತ ಹೆಚ್ಚು ಹೆಸರುಗಳಿದ್ದರೆ ಆ ಮಾತ್ರೆ ಮಿಶ್ರಣ ಎಂದು ತಿಳಿಯಿರಿ. ಬಹುತೇಕ ಔಷಧಗಳಿಗೆ ಬ್ರಾಂಡ್ ಹೆಸರಿಗಿಂತ ಮೂಲ ಹೆಸರನ್ನೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂಬ ನಿಯಮ 2018ರಲ್ಲಿ ಬಂದಿದೆ.

ಮೂಲ ಹೆಸರು ಓದದಿದ್ದರೆ

ಒಂದು ಲೆಕ್ಕ ನೋಡೋಣ. ಜ್ವರವೆಂದು ಒಬ್ಬರು 650 ಮಿ.ಗ್ರಾಂನ ಡೋಲೊವನ್ನು ದಿನಕ್ಕೆ ನಾಲ್ಕು ಬಾರಿ ನುಂಗುತ್ತಾರೆ. ಆಯಿತು 2,600 ಮಿ.ಗ್ರಾಂ. ಮೂಗು ಸೋರುತ್ತಿದೆಯೆಂದು ಅಂಗಡಿಯಿಂದ ತಂದ ನೆಗಡಿ ಮಾತ್ರೆಯನ್ನು ಮೂರು ಬಾರಿ ತೆಗೆದುಕೊಳ್ಳುತ್ತಾರೆ. ಇಂಥ ಅನೇಕ ಮಾತ್ರೆಗಳಲ್ಲಿ ನೆಗಡಿಯ ಔಷಧದೊಂದಿಗೆ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಕೂಡ ಇರುತ್ತದೆ. ಸೇರಿತು 1,500. ಮೈಕೈ ನೋವಿಗೆಂದು ಎರಡು ಕಾಂಬಿಫ್ಲಾಮ್. ಅದರಲ್ಲಿ ಐಬುಪ್ರೊಫೆನ್ ಜೊತೆಗೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ, ಎರಡಕ್ಕೆ 650. ಒಟ್ಟು 4,750 ಮಿ.ಗ್ರಾಂ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4,000. ತೀರಾ ತೆಳ್ಳಗಿರುವವರಿಗೆ, ದಿನವೂ ಮದ್ಯ ಸೇವಿಸುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಈ ಮಿತಿ ಇನ್ನೂ ಕಡಿಮೆ. ಮೂರು ಬ್ರಾಂಡ್‌ಗಳ ಹೆಸರನ್ನಷ್ಟೇ ಓದಿದವರಿಗೆ ತಾವು ಒಂದೇ ಔಷಧವನ್ನು ಮೂರು ದಾರಿಯಲ್ಲಿ ನುಂಗುತ್ತಿದ್ದೇವೆಂದು ಗೊತ್ತಾಗುವುದೇ ಇಲ್ಲ.

ಹೆಚ್ಚಾದ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಕಪಟವೆಂದರೆ, ಮೊದಲ ದಿನ ಏನೂ ತೋರದಿರಬಹುದು. ಇಲ್ಲವೇ ಬರಿಯ ವಾಕರಿಕೆ, ವಾಂತಿ ಇರಬಹುದು. ರೋಗಿ ಅದನ್ನು ಜ್ವರದ ಲೆಕ್ಕಕ್ಕೆ ಹಾಕುತ್ತಾನೆ. ಹೊಟ್ಟೆಯ ಬಲಮೇಲ್ಭಾಗದ ನೋವು, ಕಣ್ಣು ಹಳದಿಯಾಗುವುದು ಆಮೇಲಿನ ದಿನಗಳ ಮಾತು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಆದರೆ ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಆದ್ದರಿಂದ ಮಿತಿ ಮೀರಿದ್ದು ಗೊತ್ತಾದ ಕೂಡಲೇ, ಲಕ್ಷಣಗಳಿಗಾಗಿ ಕಾಯದೆ, ನುಂಗಿದ ಎಲ್ಲ ಸ್ಟ್ರಿಪ್ಪುಗಳೊಂದಿಗೆ ಆಸ್ಪತ್ರೆಗೆ ಹೋಗಬೇಕು.

ಬ್ರಾಂಡ್ ಹೆಸರೂ ಏಕೆ ಬೇಕು?

ಹಾಗಾದರೆ ಮೂಲ ಹೆಸರೊಂದೇ ಸಾಕಲ್ಲ ಎನ್ನಬಹುದು. ಜ್ವರದ ಮಾತ್ರೆಗೆ ಬಹುಮಟ್ಟಿಗೆ ಸಾಕು. ಒಂದು ಬ್ರಾಂಡ್ ಸಿಗದಿದ್ದರೆ ಅದೇ ಪ್ರಮಾಣದ ಇನ್ನೊಂದನ್ನು ತರಬಹುದು, ಅಗ್ಗದ್ದನ್ನೂ ತರಬಹುದು. ಆದರೆ ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧಗಳ ಮಾತು ಬೇರೆ. ರಕ್ತದಲ್ಲಿ ಅದು ಸ್ವಲ್ಪ ಕಡಿಮೆಯಾದರೂ ಮತ್ತೆ ಸೆಳವು ಬರಬಹುದು. ಸ್ವಲ್ಪ ಹೆಚ್ಚಾದರೆ ನಡೆಯುವಾಗ ತೂರಾಡುವುದು, ದೃಷ್ಟಿ ಎರಡೆರಡಾಗುವುದು ಶುರುವಾಗುತ್ತದೆ. ಹೆಸರು ಮತ್ತು ಪ್ರಮಾಣ ಒಂದೇ ಇದ್ದರೂ ಎರಡು ಕಂಪನಿಗಳ ಮಾತ್ರೆ ದೇಹದಲ್ಲಿ ಹೀರಲ್ಪಡುವುದರಲ್ಲಿ ಅಲ್ಪ ವ್ಯತ್ಯಾಸವಿರಬಹುದು. ಬೇರೆ ಔಷಧಗಳಲ್ಲಿ ಲೆಕ್ಕಕ್ಕೆ ಬಾರದ ಈ ವ್ಯತ್ಯಾಸ ಇಲ್ಲಿ ಬಾಧಿಸಬಹುದು. ಇಂಥ ಔಷಧದಲ್ಲಿ ಹೊಂದಿಕೊಂಡ ಬ್ರಾಂಡನ್ನೇ ಮುಂದುವರಿಸಿ. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ ಬದಲಿಸಿ.

ಬ್ರಾಂಡ್ ಒಂದನ್ನೇ ನಂಬುವುದೂ ತಪ್ಪು. ಒಂದೇ ಬ್ರಾಂಡ್ ಹೆಸರಿನ ಹಿಂದೆ ಇನ್ನೊಂದು ಪದವನ್ನೋ ಅಕ್ಷರವನ್ನೋ ಸೇರಿಸಿ ಕಂಪನಿಗಳು ಬೇರೆ ಮಿಶ್ರಣಗಳನ್ನು ಮಾರುತ್ತವೆ. ಕ್ರೋಸಿನ್ ಹೆಸರಿನಲ್ಲೇ ನೆಗಡಿಯ ಮಾತ್ರೆಯೂ ಬಂದಿರುವುದು ಇದಕ್ಕೆ ಉದಾಹರಣೆ.

ಕೊನೆಗೊಂದು ಸೂಚನೆ. ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇವುಗಳಲ್ಲಿ ಕೆಲವು ಉಳಿದ ತುಂಡಿನಲ್ಲೇ ಇದ್ದುಬಿಡಬಹುದು. ಅಲ್ಲೇ ನಿಂತು, ಎರಡೂ ಹೆಸರುಗಳ ಸಹಿತ ಇವನ್ನು ಲಕೋಟೆಯ ಮೇಲೆ ಬರೆಸಿಕೊಳ್ಳಿ. ಮನೆಯಲ್ಲಿಯೂ ಸ್ಟ್ರಿಪ್ಪಿನ ಮುದ್ರಿತ ತುದಿಯನ್ನು ಕೊನೆಯ ಮಾತ್ರೆಯವರೆಗೆ ಉಳಿಸಿಕೊಂಡು, ಇನ್ನೊಂದು ತುದಿಯಿಂದ ಮಾತ್ರೆ ತೆಗೆಯುತ್ತ ಬನ್ನಿ.