ಅವನ್‌ನ ಮೊದಲ ಸುಡುವಿಕೆ

ತಾನೇ ಸ್ವಚ್ಛಗೊಳ್ಳುವ ಅವನ್‌ಗಳಲ್ಲಿ ಎರಡು ಬಗೆ ಸಾಮಾನ್ಯ. ಹಬೆಯದು ಸೌಮ್ಯ: ತಳದಲ್ಲಿ ಒಂದಿಷ್ಟು ನೀರು ಹಾಕಿ ಅರ್ಧ ಗಂಟೆ ಬಿಸಿ ಮಾಡಿದರೆ ಹೊಸ ಜಿಡ್ಡು ಮೆತ್ತಗಾಗುತ್ತದೆ, ಆಮೇಲೆ ನಾವೇ ಒರೆಸಬೇಕು. ತಿಂಗಳುಗಟ್ಟಲೆ ಸುಟ್ಟು ಕರಿಗಟ್ಟಿದ ಎಣ್ಣೆಗೆ ಅದು ಸಾಲದು. ಪೈರೋಲಿಟಿಕ್ ವಿಧಾನದಲ್ಲಿ ಬಾಗಿಲು ತಾನೇ ಬೀಗ ಹಾಕಿಕೊಂಡು, ಒಳಗೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಎರಡು–ಮೂರು ಗಂಟೆಯಲ್ಲಿ ಜಿಡ್ಡೆಲ್ಲ ಬೂದಿ.

ಹೆದರಿಸುವುದು ಇದರ ಮೊದಲ ಸುತ್ತು. ಕಾರ್ಖಾನೆಯಲ್ಲಿ ಸವರಿದ ಎಣ್ಣೆಯೂ ಗೋಡೆಯೊಳಗಿನ ಶಾಖನಿರೋಧಕದ ಅಂಟೂ ಆಗ ಸುಡುತ್ತವೆ. ಘಾಟು, ತೆಳು ಹೊಗೆ ಸಹಜ. ಬಳಸಿದ ಅವನ್ ಆದರೆ ಜಿಡ್ಡಿನಿಂದ ಕಣ್ಣುರಿಸುವ ಅಕ್ರೋಲೀನ್, ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಹೊರಡಬಹುದು.

ಹಾಗಾಗಿ ಮೊದಲು ತಳದಲ್ಲಿ ನಿಂತ ಎಣ್ಣೆಯನ್ನು ಕೈಯಿಂದಲೇ ಒರೆಸಿ ತೆಗೆಯಿರಿ. ದಟ್ಟ ಹೊಗೆಗೆ ಮುಖ್ಯ ಕಾರಣ ಅದೇ. ಕೈಪಿಡಿ ಒಪ್ಪದ ಜಾಲರಿ, ತಟ್ಟೆಗಳನ್ನು ಹೊರಗಿಡಿ. ನಾನ್‌ಸ್ಟಿಕ್ ಪಾತ್ರೆಯನ್ನಂತೂ ಒಳಗೆ ಬಿಡಲೇಬೇಡಿ. ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ. ಮಕ್ಕಳೂ ಆಸ್ತಮಾ ಇರುವವರೂ ದೂರವಿರಲಿ. ಗಿಳಿಯಂಥ ಸಾಕುಹಕ್ಕಿಯನ್ನು ಬೇರೆ ಮನೆಗೇ ಕಳುಹಿಸಿ: ಹಕ್ಕಿಗಳ ಶ್ವಾಸಕೋಶ ಬಹಳ ಸೂಕ್ಷ್ಮ, ಕಾದ ನಾನ್‌ಸ್ಟಿಕ್ ಲೇಪನದ ಹೊಗೆ ಅವುಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಹೊಗೆ ತೆಳುವಾಗುತ್ತ ಹೋದರೆ ಸರಿ. ದಟ್ಟವಾಗುತ್ತಿದ್ದರೆ ಅಥವಾ ಒಳಗೆ ಜ್ವಾಲೆ ಕಂಡರೆ ವಿದ್ಯುತ್ ಆರಿಸಿ, ಬಾಗಿಲನ್ನು ಎಳೆಯಬೇಡಿ. ಗಾಳಿ ಸಿಗದಿದ್ದರೆ ಬೆಂಕಿ ಒಳಗೇ ಆರುತ್ತದೆ. ಯಾರಿಗಾದರೂ ತಲೆನೋವು, ತಲೆಸುತ್ತು ಬಂದರೆ ತಕ್ಷಣ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದಲೇ ಸಹಾಯಕ್ಕೆ ಕರೆಮಾಡಿ. ಪೂರ್ತಿ ತಣ್ಣಗಾದ ಮೇಲೆ ಬೂದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು.