ನಿಮಗಿದು ಗೊತ್ತೇ? ಹೆಣ್ಣು ಕರುವಿಗಾಗಿ ಹನಿ ಹನಿ ಸೋಸುವ ಯಂತ್ರ

ಮಾಕಳಿದುರ್ಗದ ಬೆಟ್ಟ ಹತ್ತಲು ಬರುವವರ ಕಣ್ಣು ಕೋಟೆಯ ಮೇಲೆ. ಬುಡದ ಊರುಗಳಲ್ಲಿ ಲೆಕ್ಕವೆಲ್ಲ ಹಾಲಿನದು. ಹಸು ಈದರೆ ಮೊದಲ ಪ್ರಶ್ನೆ, ‘ಹೆಣ್ಣೋ, ಗಂಡೋ?’ ಸೀಮೆಹಸುವಿನ ಗಂಡು ಕರು ಉಳುಮೆಗೂ ಒದಗದು, ಹಾಲಿಗೂ ಇಲ್ಲ. ಹೆಣ್ಣು ಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯ ನಳಿಕೆ ಈಗ ಸಿಗುತ್ತದೆ. ವಿಂಗಡಿಸುವುದು ಫ್ಲೋ ಸೈಟೋಮೀಟರ್ ಎಂಬ ಯಂತ್ರ.

ಜೀವಕೋಶಗಳನ್ನು ಒಂದೊಂದಾಗಿ ಎಣಿಸುವುದು ಹೇಗೆ, ಗೊತ್ತೇ?
ಕೋಶಗಳಿರುವ ದ್ರವದ ಸುತ್ತ ಇನ್ನೊಂದು ದ್ರವವನ್ನು ವೇಗವಾಗಿ ಹರಿಸಿದರೆ ಒಳಗಿನ ಧಾರೆ ಸಣ್ಣದಾಗಿ, ಕೋಶಗಳು ಸಾಲಾಗಿ ಹೊರಡುತ್ತವೆ. ದಾರಿಗಡ್ಡಲಾಗಿ ಲೇಸರ್ ಕಿರಣ ಇರುತ್ತದೆ. ಪ್ರತಿ ಕೋಶ ದಾಟಿದಾಗಲೂ ಬೆಳಕು ಚದುರುತ್ತದೆ. ಮುಂದಕ್ಕೆ ಚದುರಿದ ಬೆಳಕಿನಿಂದ ಕೋಶದ ಗಾತ್ರ ಅಂದಾಜಾಗುತ್ತದೆ, ಪಕ್ಕಕ್ಕೆ ಚದುರಿದ್ದರಿಂದ ಒಳಗಿನ ಕಣಗಳ ದಟ್ಟಣೆ. ಎಚ್‌ಐವಿ ಪೀಡಿತರ ರಕ್ತದಲ್ಲಿ ಸಿಡಿ4 ಕೋಶಗಳನ್ನು ಎಣಿಸುವುದೂ ಇದೇ ಬಗೆಯ ಯಂತ್ರದಲ್ಲಿ. ಅಲ್ಲಿ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಆ ಕೋಶಕ್ಕೆ ಅಂಟಿ ಗುರುತು ಹೇಳುತ್ತದೆ.

ವೀರ್ಯಾಣುವಿನಲ್ಲಿ ಗಾತ್ರ ನೋಡಿ ಉಪಯೋಗವಿಲ್ಲ, ಗೊತ್ತೇ?
ಎಕ್ಸ್ ಹೊತ್ತ ವೀರ್ಯಾಣುವಿನಿಂದ ಹೆಣ್ಣು ಕರು, ವೈ ಹೊತ್ತದ್ದರಿಂದ ಗಂಡು. ನೋಡಲು ಎರಡೂ ಒಂದೇ. ಹೋರಿಯ ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ. 4ರಷ್ಟು ಹೆಚ್ಚು, ಅಷ್ಟೇ. ಹೋಕ್ಸ್ಟ್ 33342 ಎಂಬ ಬಣ್ಣ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ನೇರಳಾತೀತ ಲೇಸರ್ ಬಿದ್ದರೆ ನೀಲಿಯಾಗಿ ಹೊಳೆಯುತ್ತದೆ. ಡಿಎನ್‌ಎ ಹೆಚ್ಚಿದ್ದರೆ ಹೊಳಪೂ ತುಸು ಹೆಚ್ಚು. ಈ ತುಸುವೇ ಇಡೀ ವಿದ್ಯೆಯ ಬಂಡವಾಳ.

ತಲೆ ತಿರುಗಿಸಿಕೊಂಡ ವೀರ್ಯಾಣು ಯಂತ್ರವನ್ನೇ ಮೋಸಗೊಳಿಸುತ್ತದೆ!
ಹೋರಿಯ ವೀರ್ಯಾಣುವಿನ ತಲೆ ಚಪ್ಪಟೆ. ಅಂಚಿನಿಂದ ಹೊಮ್ಮುವ ಬೆಳಕು ಚಪ್ಪಟೆ ಮುಖದಿಂದ ಬರುವ ಬೆಳಕಿಗಿಂತ ಹೆಚ್ಚು, ಆ ವ್ಯತ್ಯಾಸದಲ್ಲಿ ಶೇ. 4 ಮುಳುಗಿಹೋಗುತ್ತದೆ. ಆದ್ದರಿಂದ ತಲೆಗಳು ಒಂದೇ ದಿಕ್ಕಿಗೆ ತಿರುಗುವಂತೆ ವಿಶೇಷ ಮೂತಿ ಬೇಕು. ಲಂಬಕೋನದಲ್ಲಿ ಎರಡು ಬೆಳಕು ಮಾಪಕಗಳಿದ್ದು, ಒಂದು ತಲೆ ಸರಿಯಾಗಿ ನಿಂತಿದೆಯೇ ಎಂದು ನೋಡುತ್ತದೆ, ಇನ್ನೊಂದು ಡಿಎನ್‌ಎ ಅಳೆಯುತ್ತದೆ. ಅಡ್ಡಾದಿಡ್ಡಿ ನಿಂತದ್ದು ನೇರ ಕಸಕ್ಕೆ. ಸತ್ತವುಗಳದ್ದು ಬೇರೆ ಉಪಾಯ: ಕೆಂಪು ಆಹಾರಬಣ್ಣ ಸತ್ತ ವೀರ್ಯಾಣುವಿನ ಹರಿದ ಪೊರೆಯೊಳಗೆ ನುಗ್ಗಿ ಹೊಳಪನ್ನು ಕುಗ್ಗಿಸುತ್ತದೆ. ಎಲ್ಲ ಸರಿಯಿದ್ದರೆ ಪರದೆಯಲ್ಲಿ ಎರಡು ದಿಬ್ಬ, ನಡುವೆ ಕಣಿವೆ ಕಾಣುತ್ತದೆ. ಕಣಿವೆ ತುಂಬಿ ದಿಬ್ಬಗಳು ಒಂದಾದರೆ ಬಣ್ಣ ಸರಿ ಹಿಡಿದಿಲ್ಲ ಅಥವಾ ಧಾರೆ ಓರೆಯಾಗಿದೆ ಎಂದರ್ಥ. ಅಂಥ ಹೊತ್ತಲ್ಲಿ ವಿಂಗಡಣೆ ನಿಲ್ಲಿಸಬೇಕು.

ಬೇರ್ಪಡಿಸುವ ತಂತ್ರ ಬಂದದ್ದು ಮುದ್ರಣ ಯಂತ್ರದಿಂದ!
ಧಾರೆಯನ್ನು ಅದುರಿಸಿದರೆ ಸಮನಾದ ಹನಿಗಳಾಗಿ ಒಡೆಯುತ್ತದೆ. ಎಕ್ಸ್ ಇರುವ ಹನಿಗೆ ಒಂದು ವಿದ್ಯುದಂಶ, ವೈ ಇರುವುದಕ್ಕೆ ವಿರುದ್ಧ ವಿದ್ಯುದಂಶ ಕೊಟ್ಟು, ವಿದ್ಯುತ್ ಫಲಕಗಳ ನಡುವೆ ಬೀಳಿಸಿದರೆ ಅವು ಎಡಕ್ಕೂ ಬಲಕ್ಕೂ ಸರಿಯುತ್ತವೆ. ಒಂದೇ ಹನಿಯಲ್ಲಿ ಎರಡು ಸಿಕ್ಕಿಬಿದ್ದರೆ ಅದೂ ಕಸವೇ. ಶಾಯಿ ಚಿಮ್ಮುವ ಮುದ್ರಣದ ಈ ತಂತ್ರವನ್ನು ಜೀವಕೋಶಕ್ಕೆ ತಂದವರು ಅಮೆರಿಕದ ಮ್ಯಾಕ್ ಫುಲ್ವೈಲರ್, 1965ರಲ್ಲಿ. ವಿಂಗಡಿಸಿದ ವೀರ್ಯದಿಂದ ಮರಿ ಹುಟ್ಟಿದ ವರದಿ 1989ರದು, ಲಾರೆನ್ಸ್ ಜಾನ್ಸನ್ ತಂಡದ್ದು. ಹುಟ್ಟಿದ್ದು ಮೊಲದ ಮರಿ.

ನಳಿಕೆಯಲ್ಲಿ ವೀರ್ಯಾಣು ಏಕೆ ಕಮ್ಮಿ?
ಸಾಮಾನ್ಯ ನಳಿಕೆಯಲ್ಲಿ ಸುಮಾರು 2 ಕೋಟಿ, ಲಿಂಗ ನಿರ್ಧಾರಿತ ನಳಿಕೆಯಲ್ಲಿ ಸುಮಾರು 20 ಲಕ್ಷ. ಯಂತ್ರ ಸೆಕೆಂಡಿಗೆ 5,000 ಎಕ್ಸ್ ಹೆಕ್ಕುತ್ತದೆ ಎಂದಿಟ್ಟುಕೊಳ್ಳಿ. 20 ಲಕ್ಷಕ್ಕೆ 400 ಸೆಕೆಂಡು, ಅಂದರೆ ಏಳು ನಿಮಿಷದೊಳಗೆ ಒಂದು ನಳಿಕೆ. 2 ಕೋಟಿ ತುಂಬಬೇಕಾದರೆ ಒಂದು ತಾಸು ದಾಟುತ್ತದೆ! ಬೆಲೆ ಏರುವುದೂ ಇದರಿಂದಲೇ. ವಿದೇಶಿ ಯಂತ್ರಗಳ ಅವಲಂಬನೆ ತಗ್ಗಿಸಲು ರಾಷ್ಟ್ರೀಯ ಹೈನುಗಾರಿಕಾ ಅಭಿವೃದ್ಧಿ ಮಂಡಳಿ ‘ಗೌಸಾರ್ಟ್’ ಎಂಬ ದೇಶೀ ತಂತ್ರಜ್ಞಾನ ರೂಪಿಸಿದೆ. 2024ರ ಅಕ್ಟೋಬರ್ 5ರಂದು ಅದು ಬಿಡುಗಡೆಯಾಯಿತು.

ಶೇ. 90 ಎಂದರೆ ಖಾತರಿಯಲ್ಲ!
ಹುಟ್ಟುವ ಹತ್ತು ಕರುಗಳಲ್ಲಿ ಸುಮಾರು ಒಂಬತ್ತು ಹೆಣ್ಣು ಎಂದು ಲೆಕ್ಕ. ನಿಮ್ಮ ಕೊಟ್ಟಿಗೆಯಲ್ಲಿ ಹುಟ್ಟುವುದು ಆ ಹತ್ತನೆಯದೂ ಆಗಿರಬಹುದು. ಬಣ್ಣ, ಲೇಸರ್, ಒತ್ತಡ ಎಲ್ಲ ದಾಟಿ ಬಂದ ವೀರ್ಯಾಣುಗಳು ದಣಿದಿರುತ್ತವೆ, ಸಂಖ್ಯೆಯೂ ಕಮ್ಮಿ. ಹಾಗಾಗಿ ಗಬ್ಬ ನಿಲ್ಲುವ ಪ್ರಮಾಣ ಸಾಮಾನ್ಯ ನಳಿಕೆಗಿಂತ ಕಡಿಮೆ. ಪದೇ ಪದೇ ಬೆದೆಗೆ ಬರುವ ಹಸುವಿಗೆ ಈ ದುಬಾರಿ ನಳಿಕೆ ಹಾಕಿಸಿದರೆ ದುಡ್ಡು ದಂಡ. ಆರೋಗ್ಯವಾಗಿರುವ, ಬೆದೆ ಸ್ಪಷ್ಟವಾಗಿ ತೋರುವ ಕಡಸಿಗೆ ಹಾಕಿಸಿ. ಪ್ರತಿ ನಳಿಕೆಯ ಮೇಲೂ ಹೋರಿಯ ಸಂಖ್ಯೆ, ತಳಿ ಮುದ್ರಿಸಿರುತ್ತಾರೆ. ಹಾಕುವ ಮುನ್ನ ಅದನ್ನು ಓದಿಸಿ ಬರೆದಿಟ್ಟುಕೊಳ್ಳಿ.