ಹಸಿರು ಬೋರ್ಡಿನ ನಲವತ್ತು ನಿಮಿಷ

ಲಾಸ್ ಏಂಜಲೀಸ್‌ನಲ್ಲಿರುವ ಅಕ್ಕನ ಮಗ ಈಚೆಗೆ ನಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಒಂದು ಫೋಟೋ ಹಾಕಿದ. ರಸ್ತೆಬದಿಯ ಕಂಬ, ಅದಕ್ಕೆ ಒಂದರ ಕೆಳಗೊಂದರಂತೆ ಮೂರು ಬೋರ್ಡು. ಜೊತೆಗೆ ಒಂದು ಸಾಲು: "ಈಗ ಇಲ್ಲಿ ಕಾರು ನಿಲ್ಲಿಸಬಹುದಾ, ಹೇಳಿ ನೋಡೋಣ."

ಮೇಲಿನ ಬೋರ್ಡು ಕೆಂಪು ಅಕ್ಷರದ್ದು: ಸಂಜೆ 4ರಿಂದ 7ರವರೆಗೆ ನೋ ಸ್ಟಾಪಿಂಗ್, ಶನಿವಾರ ಭಾನುವಾರ ಬಿಟ್ಟು. ನಡುವಿನದೂ ಕೆಂಪು: ಮಂಗಳವಾರ ಬೆಳಿಗ್ಗೆ 8ರಿಂದ 10ರವರೆಗೆ ನೋ ಪಾರ್ಕಿಂಗ್, ರಸ್ತೆ ಗುಡಿಸುವ ಹೊತ್ತು. ಕೆಳಗಿನದು ಹಸಿರು: ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ 2 ಗಂಟೆ ಪಾರ್ಕಿಂಗ್, ಭಾನುವಾರ ಬಿಟ್ಟು. ಮೂರರಲ್ಲೂ ಎಡಕ್ಕೆ ಬಾಣ.

ದೊಡ್ಡಪ್ಪ ತಕ್ಷಣ ಬರೆದರು: "ಹಸಿರು ಇದೆಯಲ್ಲಪ್ಪ, ಎರಡು ಗಂಟೆ ನಿಶ್ಚಿಂತೆಯಿಂದ ನಿಲ್ಲಿಸು."

ಆ ಮಾತು ಕೇಳಿದ್ದರೆ ಕಾರು ಟೋ ಆಗಿಬಿಡುತ್ತಿತ್ತು. ಏಕೆಂದರೆ ಫೋಟೋದಲ್ಲಿ ಮುಖ್ಯವಾದದ್ದೇ ಇರಲಿಲ್ಲ: ಗಂಟೆ ಎಷ್ಟು, ವಾರ ಯಾವುದು. ನಮ್ಮ ಫೋನುಗಳಲ್ಲಿ ಆ ಸಂದೇಶ ಬಂದದ್ದು ಬುಧವಾರ ಬೆಳಗಿನ ಜಾವ 3:50ಕ್ಕೆ. ಅಲ್ಲಿ ಆಗ ಮಂಗಳವಾರ ಮಧ್ಯಾಹ್ನ 3:20. ಫೋಟೋ ತೆಗೆದ ಸಮಯ ಕಡತದೊಳಗೇ ದಾಖಲಾಗಿರುತ್ತದೆ, ನಿಜ. ಆದರೆ ವಾಟ್ಸ್ಯಾಪ್ ಮಾಮೂಲಿ ಫೋಟೋ ಕಳಿಸುವಾಗ ಆ ದಾಖಲೆಯನ್ನು ಕಿತ್ತುಹಾಕುತ್ತದೆ. ಹಾಗಾಗಿ ಸಮಯವನ್ನು ಕೇಳಿಯೇ ತಿಳಿಯಬೇಕು.

ಮಂಗಳವಾರ 3:20 ಎಂದಿಟ್ಟುಕೊಂಡು ಓದೋಣ. ಗುಡಿಸುವ ಹೊತ್ತು ಬೆಳಿಗ್ಗೆಯೇ ಮುಗಿದಿದೆ. ಹಸಿರು ಬೋರ್ಡಿನ ಲೆಕ್ಕದಲ್ಲಿ 5:20ರವರೆಗೆ ಇರಬಹುದು. ಆದರೆ 4ಕ್ಕೆ ಮೇಲಿನ ಕೆಂಪು ಬೋರ್ಡು ಎಚ್ಚರವಾಗುತ್ತದೆ. ಎರಡು ಬೋರ್ಡು ಜಗಳಕ್ಕೆ ಬಿದ್ದಾಗ ಬಿಗಿಯಾದದ್ದೇ ಗೆಲ್ಲುತ್ತದೆ. ಉಳಿದದ್ದು 40 ನಿಮಿಷ. ಅದೇ ಫೋಟೋ, ಅದೇ 3:20, ಆದರೆ ಶನಿವಾರ ಎನ್ನಿ: ಆಗ ಪೂರ್ತಿ ಎರಡು ಗಂಟೆ. ಭಾನುವಾರವಾದರೆ ಮೂರು ಬೋರ್ಡೂ ಮಲಗಿರುತ್ತವೆ, ಸೋಮವಾರ ಬೆಳಿಗ್ಗೆಯವರೆಗೆ ಕೇಳುವವರಿಲ್ಲ.

ಇನ್ನು ನಿಲ್ಲಿಸುವುದು ಎಂಬ ಮಾತೇ ನಮ್ಮನ್ನು ಎಡವಿಸುತ್ತದೆ. ಕನ್ನಡದಲ್ಲಿ ಗಾಡಿಯನ್ನು ಒಂದು ಗಳಿಗೆ ತಡೆದರೂ ನಿಲ್ಲಿಸುವುದೇ, ಬೀಗ ಹಾಕಿ ಹೋದರೂ ನಿಲ್ಲಿಸುವುದೇ. ಕ್ಯಾಲಿಫೋರ್ನಿಯಾದ ಕಾನೂನಿಗೆ ಎರಡೂ ಬೇರೆ. ಜನರನ್ನೋ ಸಾಮಾನನ್ನೋ ಹತ್ತಿಸುವ, ಇಳಿಸುವ ಕೆಲಸ ನಡೆಯುತ್ತಿರುವಷ್ಟು ಹೊತ್ತು ತಡೆದರೆ ಅದು ಪಾರ್ಕಿಂಗ್ ಅಲ್ಲ. ಹಾಗಾಗಿ ಮಂಗಳವಾರ ಬೆಳಿಗ್ಗೆ 9ಕ್ಕೂ ಅಕ್ಕನನ್ನು ಅವಳ ಚೀಲಗಳ ಸಮೇತ ಅಲ್ಲಿ ಇಳಿಸಿ ಹೊರಡಬಹುದು. ಸಂಜೆ 4:30ಕ್ಕೆ ಅದೂ ಇಲ್ಲ. ಸಿಗ್ನಲ್ಲಿಗೋ ಮುಂದಿನ ಗಾಡಿಗೋ ನಿಂತರೆ ಮಾತ್ರ ಮಾಫಿ. "ನಾನು ಸೀಟಿನಲ್ಲೇ ಇದ್ದೆ, ಎಂಜಿನ್ ಓಡ್ತಾ ಇತ್ತು" ಎಂಬ ನಮ್ಮವರ ಮೆಚ್ಚಿನ ಸಮಜಾಯಿಷಿ ಅಲ್ಲಿ ನಡೆಯದು. ಒಳಗೆ ಕೂತು ಸುಮ್ಮನೆ ಯಾರಿಗೋ ಕಾಯುವುದೂ ಪಾರ್ಕಿಂಗೇ.

ಈ ಭೇದ ನಮ್ಮ ರಸ್ತೆಗಳಲ್ಲೂ ಇದೆ, ನೋಡುವವರು ಕಡಿಮೆ. ಕೆಂಪು ಅಂಚಿನ ನೀಲಿ ದುಂಡು ಫಲಕದಲ್ಲಿ ಒಂದೇ ಓರೆಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಕತ್ತರಿಯಂತೆ ಹಾಯ್ದಿದ್ದರೆ ತಡೆಯುವುದೂ ಇಲ್ಲ.

ಲಾಸ್ ಏಂಜಲೀಸ್‌ನ ಕಂಬಗಳು ಅಲ್ಲಿನವರಿಗೇ ತಲೆನೋವು. ಅಲ್ಲಿ ದಂಡ ಕಟ್ಟಿ ಬೇಸತ್ತ ನಿಕ್ಕಿ ಸಿಲಿಯಾಂಟೆಂಗ್ ಎಂಬ ವಿನ್ಯಾಸಗಾರ್ತಿ 2014ರಲ್ಲಿ ಬೋರ್ಡುಗಳ ಮಾತನ್ನೆಲ್ಲ ಕಿತ್ತು ವಾರದ ವೇಳಾಪಟ್ಟಿ ಬರೆದಳು: ಒಂದು ದಿನಕ್ಕೆ ಒಂದು ಪಟ್ಟಿ, ನಿಲ್ಲಿಸಬಹುದಾದ ಹೊತ್ತು ಹಸಿರು, ಬಾರದ್ದು ಕೆಂಪು. 2015ರಲ್ಲಿ ನಗರ ಅದನ್ನು ಕೆಲವೆಡೆ ಪ್ರಯೋಗಕ್ಕೂ ಹಾಕಿತು. ನಾನೂ ಹಾಗೆಯೇ ಒಂದು ಚೀಟಿಯ ಮೇಲೆ ಗೆರೆ ಎಳೆದು 40 ನಿಮಿಷ ಎಂದು ಬರೆದೆ, ತುಸು ಜಂಭದಿಂದಲೇ.

ಆದರೆ ಬಾಣ? ಬೋರ್ಡಿಗೆ ಮುಖಮಾಡಿ ನಿಂತಾಗ ಕಂಬದ ಎಡಕ್ಕಿರುವ ಜಾಗಕ್ಕೆ ಮಾತ್ರ ಈ ನಿಯಮ. ಬಲಗಡೆಯದನ್ನು ಮುಂದಿನ ಕಂಬ ಹೇಳುತ್ತದೆ. ಬೋರ್ಡನ್ನಷ್ಟೇ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕಾರು ಯಾವ ಕಡೆ ಎಂದೇ ಕಾಣದು. ಕಾರು, ಕಂಬ, ಫುಟ್‌ಪಾತಿನ ಅಂಚು ಎಲ್ಲ ಬರುವಂತೆ ದೂರದಿಂದ ಇನ್ನೊಂದು ತೆಗೆದು ಕಳಿಸು ಎಂದೆ. ಅಂಚಿಗೆ ಕೆಂಪು ಬಳಿದಿದ್ದರೆ ಹಸಿರು ಬೋರ್ಡು ಏನೇ ಹೇಳಲಿ, ನಿಲ್ಲುವಂತಿಲ್ಲ. ಬೋರ್ಡೂ ಬಣ್ಣವೂ ಇಲ್ಲದ ನಿಷೇಧಗಳೂ ಇವೆ: ಬೆಂಕಿ ನಂದಿಸುವ ನೀರಿನ ನಲ್ಲಿಯಿಂದ ಸಾಮಾನ್ಯವಾಗಿ 15 ಅಡಿ, ಪಾದಚಾರಿಗಳು ದಾಟುವ ಪಟ್ಟೆಗೆ ಮುಂಚಿನ 20 ಅಡಿ. ಎರಡನೆಯದಕ್ಕೆ 2025ರಿಂದ ದಂಡವೂ ಬೀಳುತ್ತಿದೆ.

ಎರಡನೇ ಫೋಟೋ ಬಂತು. ಕಾರು ಕಂಬದ ಎಡಕ್ಕೇ ಇತ್ತು, ಅಂಚಿಗೆ ಬಣ್ಣವಿರಲಿಲ್ಲ. ಹಿಂದಿನ ಚಕ್ರದಿಂದ ಎರಡು ಹೆಜ್ಜೆ ದೂರದಲ್ಲಿ, ಪೊದೆಯ ಮರೆಯಲ್ಲಿ, ಮೊಣಕಾಲೆತ್ತರದ ಹಳದಿ ನಲ್ಲಿ.

"ಅಷ್ಟು ಜನಜಂಗುಳಿಯಲ್ಲಿ ಈ ಜಾಗ ಯಾಕೆ ಖಾಲಿ ಇತ್ತು ಅಂತ ಈಗ ಗೊತ್ತಾಯ್ತು ಮಾವ" ಎಂದು ಬರೆದ.